ಕೆರೆ ಏರಿಯ ಹೊಸಹಳ್ಳಿ: ಒಂದು ಊರಿನ ಅಕ್ಷಾಂಶ, ತಾಲ್ಲೂಕು ಹುಡುಕಿದ ಪ್ರಕರಣ

ಚೀಟಿಯಲ್ಲಿ ಇದ್ದದ್ದು ಇಷ್ಟು: “ವೀರಗಲ್ಲು. ಹೊಸಹಳ್ಳಿ, ಮಂಡ್ಯ ತಾಲ್ಲೂಕು, ಮೈಸೂರು ಡಿಸ್ಟ್ರಿಕ್ಟ್. ಕೆರೆ ಏರಿಯ ಮೇಲೆ, ಊರ ಮೂಡಲಿಗೆ.” ಅದರ ಜೊತೆಗೆ ಮಾಸಿದ ಒಂದು ಫೋಟೊ.

ಮೈಸೂರಿನ ಒಂದು ಖಾಸಗಿ ಸಂಗ್ರಹದಲ್ಲಿರುವ ಇಂಥ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ನಾನಿದ್ದೇನೆ. ಪ್ರತಿ ಕಲ್ಲಿಗೂ ಊರು, ಹೋಬಳಿ, ತಾಲ್ಲೂಕು, ಅಕ್ಷಾಂಶ, ರೇಖಾಂಶ ತುಂಬಬೇಕು. ಹೆಚ್ಚಿನವು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಈ ಒಂದು ಚೀಟಿ ಮೂರು ವಾರ ತೆಗೆದುಕೊಂಡಿತು. ಹುಡುಕಿದ ಎಲ್ಲ ಕಡೆಯೂ ಉತ್ತರ ಸಿಕ್ಕಿತ್ತು, ಎಲ್ಲ ಉತ್ತರಗಳೂ ಒಂದಕ್ಕೊಂದು ಹೊಂದಿಕೊಂಡಿದ್ದವು, ಆದರೂ ಎಲ್ಲವೂ ತಪ್ಪಾಗಿದ್ದವು. ಅದು ಹೇಗೆ ಆಯಿತು ಎಂಬುದನ್ನು ಪೂರ್ತಿ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಮೊದಲೇ ಒಂದು ಮಾತು. ಏರಿ ಮೇಲೆ, ಹೊಲದ ಬದುವಿನ ಮೇಲೆ ಒಂಟಿಯಾಗಿ ನಿಂತಿರುವ ಕಲ್ಲುಗಳಿಗೆ ಕಾವಲಿಲ್ಲ. ಆದ್ದರಿಂದ ಊರಿನ ನಿಜವಾದ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಹೊಸಹಳ್ಳಿ ಎಂದು ಬದಲಿಸಿದ್ದೇನೆ, ಹೋಬಳಿಗಳನ್ನೂ ಅಕ್ಷಾಂಶ ರೇಖಾಂಶಗಳನ್ನೂ ಅದಕ್ಕೆ ತಕ್ಕಂತೆ ಸರಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದದ್ದು ನಡೆದ ಹಾಗೆಯೇ ಇದೆ.

ಚೀಟಿ ಹೇಳುವುದು

“ಮಂಡ್ಯ ತಾಲ್ಲೂಕು, ಮೈಸೂರು ಡಿಸ್ಟ್ರಿಕ್ಟ್” ಎಂಬುದರಲ್ಲೇ ಒಂದು ಸುಳಿವಿದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಊರುಗಳೆಲ್ಲ ಮೈಸೂರು ಜಿಲ್ಲೆಯ ಲೆಕ್ಕದಲ್ಲೇ ಇದ್ದವು. ಅಂದರೆ ಚೀಟಿ ಅದಕ್ಕಿಂತ ಹಳೆಯದು, ಇಲ್ಲವೇ ಹಳೆಯ ಪಟ್ಟಿಯೊಂದರಿಂದ ನಕಲು ಮಾಡಿದ್ದು. ಇಂಥ ಚೀಟಿಗಳಲ್ಲಿ ಪಾಂಡವಪುರ ಎಂದು ಹುಡುಕಿದರೆ ಸಿಗುವುದಿಲ್ಲ, ಫ್ರೆಂಚ್ ರಾಕ್ಸ್ ಎಂದಿರುತ್ತದೆ. ಕೃಷ್ಣರಾಜನಗರದ ಕಡೆಯದು ಎಡತೊರೆ ಎಂದಿರುತ್ತದೆ, ಕೃಷ್ಣರಾಜಪೇಟೆಯದು ಅತ್ತಿಕುಪ್ಪೆ ಎಂದೂ ಇರಬಹುದು. ತಾಲ್ಲೂಕಿನ ಹೆಸರು ಉಳಿದಿದ್ದರೂ ಅದರ ಗಡಿ ಅಂದಿನಂತೆಯೇ ಇದೆ ಎಂದು ನಂಬುವಂತಿಲ್ಲ. ಹಾಗಾಗಿ ಚೀಟಿಯ ತಾಲ್ಲೂಕನ್ನು “ಸುಮಾರಾಗಿ ಈ ದಿಕ್ಕು” ಎಂಬಷ್ಟಕ್ಕೆ ಮಾತ್ರ ಇಟ್ಟುಕೊಂಡೆ.

ಇನ್ನೊಂದು ಸುಳಿವು ಏರಿ. ಊರಿನ ಮೂಡಲಿಗೆ ಕೆರೆ ಇರಬೇಕು. ಇದು ಬೆಲೆಯುಳ್ಳ ಮಾತು, ಏಕೆಂದರೆ ಹೆಸರು ಬದಲಾದರೂ ಕೆರೆ ಇದ್ದ ಕಡೆಯೇ ಇರುತ್ತದೆ. ಕೆರೆ ಬತ್ತಿ ಗದ್ದೆಯಾಗಿದ್ದರೂ ಏರಿಯ ಬಿಲ್ಲಿನಂಥ ಗೆರೆ ಉಪಗ್ರಹ ಚಿತ್ರದಲ್ಲಿ ಕಾಣುತ್ತದೆ.

ಹೆಸರಿನಿಂದ ಶುರು

ಅಚ್ಚಾದ ಜಿಲ್ಲಾ ಗೆಜೆಟಿಯರುಗಳು ಇಂಥ ಕೆಲಸಕ್ಕೆ ಹೆಚ್ಚು ನೆರವಾಗುವುದಿಲ್ಲ. ಮೇಲುಕೋಟೆ, ಶ್ರೀರಂಗಪಟ್ಟಣ, ತೊಣ್ಣೂರಿನಂಥ ಹೆಸರಾದ ಊರುಗಳ ಬಗ್ಗೆ ಅವುಗಳಲ್ಲಿ ಪುಟಗಟ್ಟಲೆ ಇರುತ್ತದೆ, ಇನ್ನೂರು ಮನೆಯ ಹೊಸಹಳ್ಳಿಯ ಬಗ್ಗೆ ಇರುವುದಿಲ್ಲ. ಆದ್ದರಿಂದ ನೇರವಾಗಿ ಜಿಯೋನೇಮ್ಸ್‌ಗೆ ಹೋದೆ. ಜಗತ್ತಿನ ಎಲ್ಲ ದೇಶಗಳ ಸ್ಥಳನಾಮಗಳನ್ನು ಒಂದೇ ಮಾದರಿಯಲ್ಲಿ ಇಟ್ಟಿರುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕೋಶ ಅದು. ಭಾರತದ್ದು `IN.txt` ಎಂಬ ಒಂದೇ ಕಡತ. ಸಾಲಿಗೊಂದು ಜಾಗ, ಅಂಕಣಗಳ ನಡುವೆ ಟ್ಯಾಬ್.

ಇದರಲ್ಲಿ ಸಣ್ಣ ಊರುಗಳ ಹೆಸರು ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲಿ ಇರುವುದಿಲ್ಲ. ರೋಮನ್ ಅಕ್ಷರದಲ್ಲೇ ಹುಡುಕಬೇಕು, ಆ ಅಕ್ಷರಗಳನ್ನು ಜೋಡಿಸಿದವರು ಕನ್ನಡ ಬಲ್ಲವರಲ್ಲ ಎಂಬುದನ್ನೂ ನೆನಪಿಡಬೇಕು. ಹೊಸಹಳ್ಳಿ ಎನ್ನುವುದು ನಮ್ಮ ಜನರ ಬಾಯಲ್ಲಿ ಹೊಸಳ್ಳಿ. ಬರೆದವನ ಕಿವಿಗೆ ಏನು ಬಿತ್ತೋ ಅದು Hosahalli, Hosalli, Hoshalli, Hosahally ಹೀಗೆ ನಾಲ್ಕು ರೂಪ ತಾಳಬಹುದು. ಆದ್ದರಿಂದ ಎಲ್ಲವನ್ನೂ ಹಿಡಿಯುವ ಹಾಗೆ ಕೇಳಿದೆ:

```
awk -F'\t' '$7=="P" && $2 ~ /^Hosa?h?all[iy]/ &&
  $5>12.35 && $5<12.80 && $6>76.65 && $6<77.05 {
  print $1,$2,$5,$6,$11,$12,$13}' IN.txt
```

ಏಳನೆಯ ಅಂಕಣದ `P` ಎಂದರೆ ಜನವಸತಿ. ಐದು ಮತ್ತು ಆರನೆಯವು ಅಕ್ಷಾಂಶ, ರೇಖಾಂಶ. ಜಿಲ್ಲೆ ಅಥವಾ ತಾಲ್ಲೂಕಿನ ಅಂಕಣವನ್ನು ಸೋಸಲು ಬಳಸದೆ ಮಂಡ್ಯದ ಸುತ್ತ ಒಂದು ದೊಡ್ಡ ಚೌಕ ಹಾಕಿದ್ದು ಬೇಕೆಂದೇ. ಆ ಅಂಕಣಗಳು ಎಷ್ಟೋ ಸಾಲುಗಳಲ್ಲಿ ಖಾಲಿ ಇರುತ್ತವೆ, ತಾಲ್ಲೂಕಿನ ಮೇಲೆ ಸೋಸಿದರೆ ನಮಗೆ ಬೇಕಾದ ಸಾಲೇ ಬಿದ್ದುಹೋಗಬಹುದು.

ನಾಲ್ಕು ಸಾಲು ಬಂದವು. ಎರಡು ಮದ್ದೂರು, ಶ್ರೀರಂಗಪಟ್ಟಣದ ಕಡೆ ದೂರದಲ್ಲಿದ್ದವು. ಮೂರನೆಯದು ಮಂಡ್ಯದ ದಕ್ಷಿಣಕ್ಕೆ ಕೊತ್ತತ್ತಿ ಕಡೆ. ಅಲ್ಲಿ ಕೆರೆ ಇತ್ತು, ಆದರೆ ಊರಿನ ಪಡುವಲಿಗೆ. ಉಳಿದದ್ದು ಇದು:

```
name          Hosahalli
latitude      12.61667
longitude     76.78333
feature code  PPL
admin1 code   19
admin2 code   573
```

573 ಎಂಬುದು 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಂಖ್ಯೆ. ಮೈಸೂರಿನದು 577. ಅಲ್ಲಿಯವರೆಗೆ ಸರಿ. ತಾಲ್ಲೂಕಿನ ಸಂಕೇತ ಬಿಡಿಸಿ ನೋಡಿದರೆ ಮಂಡ್ಯ ಬರಲಿಲ್ಲ, ಪಾಂಡವಪುರ ಎಂದು ಬಂತು.

ಇಲ್ಲೇ ಎಡವಬಹುದಾದ ಒಂದು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ಜಿಯೋನೇಮ್ಸ್‌ನಲ್ಲಿ ಕರ್ನಾಟಕದ ಸಂಖ್ಯೆ 19. ಜನಗಣತಿಯಲ್ಲಿ ಕರ್ನಾಟಕ 29, ಅಲ್ಲಿ 19 ಎಂದರೆ ಪಶ್ಚಿಮ ಬಂಗಾಳ. ರಾಜ್ಯಕ್ಕೆ ಒಂದು ಪದ್ಧತಿ, ಜಿಲ್ಲೆಗೆ ಇನ್ನೊಂದು ಪದ್ಧತಿ, ಎರಡೂ ಒಂದೇ ಸಾಲಿನಲ್ಲಿ. ಎರಡು ಪಟ್ಟಿಗಳನ್ನು ಸಂಖ್ಯೆ ನೋಡಿ ಜೋಡಿಸಿಬಿಟ್ಟರೆ ಮಂಡ್ಯದ ಊರು ಬಂಗಾಳಕ್ಕೆ ಹೋಗಿ ಕೂರುತ್ತದೆ, ಕಂಪ್ಯೂಟರ್ ಚಕಾರ ಎತ್ತುವುದಿಲ್ಲ.

ಮೂರು ಸಾಕ್ಷಿ, ಒಂದೇ ಬಾಯಿ

ಮೊದಲ ದಿನ ನಾನು ಪಾಂಡವಪುರವನ್ನೇ ನಂಬಿದೆ. ಚೀಟಿ ಹಳೆಯದು, ಗಡಿ ಬದಲಾಗಿರಬಹುದು, ಅಂದಿನ ಮಂಡ್ಯ ತಾಲ್ಲೂಕಿನ ಊರು ಇಂದು ಪಾಂಡವಪುರಕ್ಕೆ ಸೇರಿರಬಹುದು ಎಂದು ಕಥೆ ಕಟ್ಟಿಕೊಂಡೆ. ಖಚಿತ ಮಾಡಿಕೊಳ್ಳಲು ವಿಕಿಪೀಡಿಯದ ಬಳಗದ ಮಾಹಿತಿ ಕೋಶವಾದ ವಿಕಿಡೇಟಾ ನೋಡಿದೆ. ಅಲ್ಲೂ 12.61667, 76.78333. ಹಳ್ಳಿಯ ಬಗ್ಗೆ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ ಒಂದು ಪುಟವಿತ್ತು. ಅದರಲ್ಲೂ ಅದೇ ಅಂಕಿ. ಮೂರು ಕಡೆ ಒಂದೇ ಉತ್ತರ ಬಂದಾಗ ಯಾರಿಗಾದರೂ ಸಮಾಧಾನವಾಗುತ್ತದೆ.

ಆದರೆ ಒಂದು ಪ್ರಶ್ನೆ ಬಿಡಲಿಲ್ಲ. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯಲ್ಲಿ ಮಂಡ್ಯದ ಹಳ್ಳಿಯ ಬಗ್ಗೆ ಬರೆದವರು ಯಾರು? ಮನುಷ್ಯರಲ್ಲ. ಜಿಯೋನೇಮ್ಸ್‌ನ ಸಾಲುಗಳನ್ನು ಓದಿ ಲಕ್ಷಗಟ್ಟಲೆ ಪುಟಗಳನ್ನು ತಾನಾಗಿ ಬರೆದ ಬಾಟ್ ಒಂದಿದೆ, ಹೆಸರು ಎಲ್‌ಎಸ್‌ಜೆಬಾಟ್. ಸ್ವೀಡಿಷ್ ಮತ್ತು ಸೆಬುವಾನೊ ವಿಕಿಪೀಡಿಯಗಳಲ್ಲಿ ಅದು ಹೀಗೆ ಊರುಗಳ ಪುಟ ತುಂಬಿತು. ಆ ಪುಟಗಳಿಂದ ಅಂಕಿಗಳು ವಿಕಿಡೇಟಾಕ್ಕೆ ಬಂದವು. ಜಿಯೋನೇಮ್ಸ್ ಕೂಡ ಇಂಥ ಹಳೆಯ ಸಾಲುಗಳನ್ನು ತಾನೇ ಅಳೆದು ಬರೆದದ್ದಲ್ಲ. ಬಹುಪಾಲು ಬಂದದ್ದು ಅಮೆರಿಕ ಸರ್ಕಾರದ ಜಿಎನ್‌ಎಸ್ ಎಂಬ ಸ್ಥಳನಾಮ ಕೋಶದಿಂದ, ಅದು ಹಳೆಯ ನಕಾಶೆಗಳ ಮೇಲೆ ಅಚ್ಚಾಗಿದ್ದ ಹೆಸರುಗಳನ್ನು ಓದಿ ಮಾಡಿದ ಪಟ್ಟಿ. ಹಾಗೆ ನೋಡಿದರೆ ನನ್ನ ಮುಂದೆ ಇದ್ದದ್ದು ಒಂದೇ ಸಾಕ್ಷಿ, ಅದರ ಮಾತನ್ನು ಇನ್ನಿಬ್ಬರು ಪುನಃ ಹೇಳುತ್ತಿದ್ದರು.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ವಿಕಿಡೇಟಾದಲ್ಲಿ ಅಕ್ಷಾಂಶದ ಕೆಳಗೆ ಆಕರ ಎಂಬ ಜಾಗವಿದೆ, ಅದನ್ನು ಬಿಚ್ಚಿದರೆ ಎಲ್ಲಿಂದ ತಂದದ್ದು ಎಂದು ಕಾಣುತ್ತದೆ. ಆಕರ ಬರೆಯದೆ ಬಿಟ್ಟಿದ್ದರೂ ದಶಮಾಂಶದ ಐದನೆಯ ಅಂಕಿಯವರೆಗೂ ಎರಡು ಕೋಶಗಳು ಒಂದೇ ಆಗಿದ್ದರೆ ನಕಲು ಎಂದೇ ತಿಳಿಯಬೇಕು. ಇಬ್ಬರು ಬೇರೆ ಬೇರೆಯಾಗಿ ಒಂದು ಊರಿನ ನಡುವನ್ನು ಗುರುತಿಸಿದರೆ ಐದನೆಯ ಅಂಕಿ ಹೊಂದುವುದಿಲ್ಲ. ಆ ಅಂಕಿ ನೆಲದ ಮೇಲೆ ಒಂದು ಮೀಟರಿನಷ್ಟು ಅಂತರ, ಒಬ್ಬರು ಅರಳಿಕಟ್ಟೆಯನ್ನು ನಡುವೆಂದರೆ ಇನ್ನೊಬ್ಬರು ಮಾರಿಗುಡಿಯನ್ನು ಎನ್ನುತ್ತಾರೆ.

ಐದು ದಶಮಾಂಶದ ಹಿಂದೆ

ಉಪಗ್ರಹ ಚಿತ್ರದಲ್ಲಿ 12.61667, 76.78333 ಹಾಕಿದೆ. ಗುರುತು ರಾಗಿ ಹೊಲದಂಥ ಬಯಲಿನಲ್ಲಿ ಬಿತ್ತು. ಸುತ್ತ ಮನೆಯಿಲ್ಲ, ಗುಡಿಯಿಲ್ಲ, ಕೆರೆಯೂ ಇಲ್ಲ. ಊರೇ ಇಲ್ಲದ ಕಡೆ ಇಷ್ಟು ನಿಖರವಾದ ಅಂಕಿ ಹೇಗೆ ಬಂತು?

ಅಂಕಿಯನ್ನೇ ಮತ್ತೊಮ್ಮೆ ದಿಟ್ಟಿಸಿ ನೋಡಿದಾಗ ಗುಟ್ಟು ತಿಳಿಯಿತು. ಒಂದು ಡಿಗ್ರಿಗೆ 60 ಮಿನಿಟ್, ಆದ್ದರಿಂದ ದಶಮಾಂಶದ ಭಾಗವನ್ನು 60ರಿಂದ ಗುಣಿಸಿ:

```
0.61667 × 60 = 37.0002
0.78333 × 60 = 46.9998
```

ಅಂದರೆ 12 ಡಿಗ್ರಿ 37 ಮಿನಿಟ್, 76 ಡಿಗ್ರಿ 47 ಮಿನಿಟ್. ಸೆಕೆಂಡುಗಳೇ ಇಲ್ಲ. ಯಾರೋ ನಕಾಶೆಯ ಮೇಲೆ ಹೆಸರನ್ನು ನೋಡಿ, ಅಂಚಿನ ಗೆರೆಗಳಿಗೆ ಹೊಂದಿಸಿ, ಹತ್ತಿರದ ಪೂರ್ಣ ಮಿನಿಟನ್ನು ಬರೆದಿದ್ದಾರೆ. ಮುಂದೆ ಯಾರೋ ಅದನ್ನು ದಶಮಾಂಶಕ್ಕೆ ತಿರುಗಿಸಿದಾಗ 37 ಭಾಗಿಸು 60 ಎಂಬುದು 0.61667 ಆಗಿ, ಮೀಟರಿನ ಲೆಕ್ಕದ ವೇಷ ತೊಟ್ಟಿತು. ಐದು ಅಂಕಿಗಳು ಭಾಗಾಕಾರದಿಂದ ಹುಟ್ಟಿದವು, ಅಳತೆಯಿಂದಲ್ಲ.

ಇಂಥ ಸಾಲುಗಳನ್ನು ಗುಣಿಸದೆಯೂ ಗುರುತಿಸಬಹುದು. ದಶಮಾಂಶ 333, 667 ಎಂದು ಮುಗಿಯುವುದು ಅಥವಾ .05, .1, .15ರ ಹಾಗೆ ಬೇಗನೆ ನಿಂತುಬಿಡುವುದು, ಇವೇ ಲಕ್ಷಣ. ಅಕ್ಷಾಂಶ, ರೇಖಾಂಶ ಎರಡೂ ಹಾಗಿದ್ದರೆ ಅನುಮಾನವೇ ಬೇಡ. ಸುತ್ತಲಿನ ಊರುಗಳನ್ನೂ ಒಟ್ಟಿಗೆ ನಕಾಶೆಯ ಮೇಲೆ ಹಾಕಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಚದುರಂಗದ ಮಣೆಯ ಮೂಲೆಗಳಲ್ಲಿ ಇಟ್ಟ ಹಾಗೆ ಊರುಗಳು ನೇರ ಗೆರೆಯಲ್ಲಿ ಕೂತಿರುತ್ತವೆ. ನಮ್ಮ ಸೀಮೆಯಲ್ಲಿ ಯಾವ ಹಳ್ಳಿಯೂ ಹಾಗೆ ಹುಟ್ಟಲಿಲ್ಲ.

ಹಾಗಾದರೆ ಊರು ಎಷ್ಟು ದೂರ ಇರಬಹುದು? ಮಂಡ್ಯದ ಅಕ್ಷಾಂಶದಲ್ಲಿ ಒಂದು ಮಿನಿಟ್ ಎಂದರೆ ಉತ್ತರ ದಕ್ಷಿಣವಾಗಿ ಸುಮಾರು 1.84 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 1.81. ಹತ್ತಿರದ ಮಿನಿಟಿಗೆ ಸರಿಸಿದ್ದರೆ ನಿಜವಾದ ಜಾಗ ಆ ಬಿಂದುವಿನಿಂದ ಯಾವ ದಿಕ್ಕಿಗಾದರೂ ಅರ್ಧ ಮಿನಿಟಿನ ಒಳಗೆ ಇರಬೇಕು. ಹಾಗಾಗಿ ಬಿಂದುವನ್ನು ಮರೆತು ಚೌಕ ಬರೆದುಕೊಂಡೆ: ಅಕ್ಷಾಂಶ 12.6083ರಿಂದ 12.6250, ರೇಖಾಂಶ 76.7750ರಿಂದ 76.7917. ಸುಮಾರು ಮೂರೂಕಾಲು ಚದರ ಕಿಲೋಮೀಟರ್. ಮೂಲೆಯಲ್ಲಿದ್ದರೆ ತಪ್ಪು 1.3 ಕಿಲೋಮೀಟರ್‌ವರೆಗೂ ಹೋಗುತ್ತದೆ. ಕೆಲವರು ಹತ್ತಿರದ ಮಿನಿಟಿಗೆ ಸರಿಸದೆ, ಸೆಕೆಂಡುಗಳನ್ನು ಹಾಗೇ ಕತ್ತರಿಸಿಬಿಡುತ್ತಾರೆ. ಆಗ ಊರು ಯಾವಾಗಲೂ ಬಿಂದುವಿನ ಈಶಾನ್ಯಕ್ಕೇ ಇರುತ್ತದೆ ಮತ್ತು ದೂರ ಇದರ ಎರಡರಷ್ಟಾಗಬಹುದು. ಆದ್ದರಿಂದ ಚೌಕದೊಳಗೆ ಸಿಗದಿದ್ದರೆ ಮೊದಲು ನೋಡಬೇಕಾದ ದಿಕ್ಕು ಅದು.

ಪಾಂಡವಪುರದ ಒಗಟೂ ಇದರಿಂದಲೇ ಬಿಡಿಸಿಕೊಂಡಿತು. ತಾಲ್ಲೂಕಿನ ಗಡಿ ಈ ಚೌಕದೊಳಗೇ ಹಾದುಹೋಗುತ್ತದೆ. ಬಿಂದು ಬಿದ್ದ ಬಯಲು ಗಡಿಯ ಆಚೆ, ಪಾಂಡವಪುರದ ಕಡೆ. ಒಂದು ಕೋಶ ತಾಲ್ಲೂಕಿನ ಅಂಕಣವನ್ನು ಅಕ್ಷಾಂಶ ರೇಖಾಂಶ ನೋಡಿ ತುಂಬಿದ್ದರೆ ಬಿಂದು ತಪ್ಪಿದಾಗ ತಾಲ್ಲೂಕೂ ತಪ್ಪುತ್ತದೆ, ಎರಡೂ ತಪ್ಪಿ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ನಾನು ಹೊಂದಾಣಿಕೆಯನ್ನು ಪುರಾವೆ ಎಂದುಕೊಂಡಿದ್ದೆ. ಆಡಳಿತದ ವಿವರವನ್ನು ಬಿಂದುವಿನಿಂದ ತೆಗೆಯದೆ ಬೇರೆಯೇ ದಾರಿಯಲ್ಲಿ ಹುಡುಕಿದರೆ ಮಾತ್ರ ಒಂದು ಇನ್ನೊಂದನ್ನು ಪರೀಕ್ಷಿಸಬಲ್ಲದು.

ಪಹಣಿಯ ದಾರಿ

ಆ ಬೇರೆ ದಾರಿ ನಮ್ಮ ರಾಜ್ಯದಲ್ಲಿ ಕಂದಾಯದ ದಾರಿ. ಪಹಣಿ ತೆಗೆಯುವ ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದಾಗಿ ಆರಿಸುತ್ತಾ ಹೋಗಬೇಕು. ಅದನ್ನೇ ನಾನು ಸ್ಥಳನಾಮ ಕೋಶದಂತೆ ಬಳಸಿದೆ. ಮಂಡ್ಯ ತಾಲ್ಲೂಕು ಆರಿಸಿ ಕಸಬಾ, ಕೆರಗೋಡು, ದುದ್ದ, ಕೊತ್ತತ್ತಿ, ಬಸರಾಳು ಹೋಬಳಿಗಳ ಗ್ರಾಮಪಟ್ಟಿಯನ್ನು ಒಂದೊಂದಾಗಿ ಬಿಚ್ಚಿ ಓದಿದೆ. ಬೇಸರದ ಕೆಲಸ, ಆದರೆ ಒಂದು ಗಂಟೆಗೆ ಮುಗಿಯಿತು. ಹೆಸರು ಎರಡು ಕಡೆ ಸಿಕ್ಕಿತು: ಕೊತ್ತತ್ತಿಯಲ್ಲಿ ಒಂದು, ಅದನ್ನು ಆಗಲೇ ಬಿಟ್ಟಿದ್ದೆ. ದುದ್ದ ಹೋಬಳಿಯಲ್ಲಿ ಇನ್ನೊಂದು. ಪಾಂಡವಪುರದ ಕಸಬಾ, ಚಿನಕುರಳಿ, ಮೇಲುಕೋಟೆ ಹೋಬಳಿಗಳನ್ನೂ ನೋಡಿದೆ. ಅಲ್ಲಿ ಆ ಹೆಸರಿನ ಗ್ರಾಮ ಇರಲಿಲ್ಲ. ಚೀಟಿ ಸರಿ, ಕೋಶ ತಪ್ಪು.

ಹೋಬಳಿ ಎಂಬುದು ಜನಗಣತಿಯ ಗ್ರಾಮಪಟ್ಟಿಯಲ್ಲಿಲ್ಲ, ಜಿಯೋನೇಮ್ಸ್‌ನಲ್ಲೂ ಇಲ್ಲ. ಜನಗಣತಿಯಲ್ಲಿ ತಾಲ್ಲೂಕಿನ ಕೆಳಗೆ ನೇರವಾಗಿ ಗ್ರಾಮ. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಮೂರು ಊರಿರುವ ನಮ್ಮ ಕಡೆ ಇದು ದೊಡ್ಡ ಕೊರತೆ. ಹೋಬಳಿ ಗೊತ್ತಾದ ಮೇಲೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಗೆ ಹೋದೆ. ಅದರಲ್ಲಿ ಗ್ರಾಮದ ಸಂಖ್ಯೆ, 2011ರ ಜನಗಣತಿಯ ಆರಂಕಿಯ ಸಂಖ್ಯೆ, ಊರು ಸೇರಿರುವ ಗ್ರಾಮ ಪಂಚಾಯಿತಿ ಇವು ಸಿಗುತ್ತವೆ. ಎರಡು ಹೊಸಹಳ್ಳಿಗಳಲ್ಲಿ ಯಾವುದು ನಮ್ಮದು ಎಂದು ಬೇರ್ಪಡಿಸಿಕೊಟ್ಟದ್ದು ಪಂಚಾಯಿತಿಯ ಹೆಸರು. ಅದು ದುದ್ದದ ಪಕ್ಕದ ಊರಿನದು.

ಪಂಚಾಯಿತಿ ಮತ್ತು ಹೋಬಳಿ ಎರಡು ಬೇರೆ ಸರಪಣಿಗಳು. ಒಂದು ಗ್ರಾಮೀಣಾಭಿವೃದ್ಧಿಯದು, ಇನ್ನೊಂದು ಕಂದಾಯದ್ದು. ನಮೂನೆಗಳಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆದು ಗೊಂದಲ ಮಾಡಿರುವುದನ್ನು ಬಹಳ ಕಡೆ ಕಂಡಿದ್ದೇನೆ. ನಾವು ಎರಡಕ್ಕೂ ಬೇರೆ ಬೇರೆ ಅಂಕಣ ಇಟ್ಟಿದ್ದೇವೆ. ವರ್ಷವನ್ನೂ ಬರೆಯುತ್ತೇವೆ, ಏಕೆಂದರೆ ತಾಲ್ಲೂಕುಗಳು ಒಡೆಯುತ್ತಲೇ ಇರುತ್ತವೆ. 2011ರ ಪಟ್ಟಿಯಲ್ಲಿ ಹೆಗ್ಗಡದೇವನಕೋಟೆಯಲ್ಲಿದ್ದ ಎಷ್ಟೋ ಊರುಗಳು ಈಗ ಸರಗೂರು ತಾಲ್ಲೂಕಿಗೆ ಸೇರಿವೆ, ಕೃಷ್ಣರಾಜನಗರದವು ಸಾಲಿಗ್ರಾಮಕ್ಕೆ. ಎರಡು ಪಟ್ಟಿ ಬೇರೆ ಬೇರೆ ತಾಲ್ಲೂಕು ಹೇಳಿದರೆ ಒಂದು ತಪ್ಪಾಗಿರಲೇಬೇಕು ಎಂದಿಲ್ಲ, ಅವು ಬೇರೆ ವರ್ಷದವಾಗಿರಬಹುದು.

ಚೌಕದೊಳಗೆ ಎರಡು ಊರು

ಈಗ ಮತ್ತೆ ಉಪಗ್ರಹ ಚಿತ್ರಕ್ಕೆ. ಚೌಕದೊಳಗೆ ಮನೆಗಳ ಗುಂಪು ಎರಡು ಕಡೆ ಕಂಡವು. ಪಡುವಲ ಅಂಚಿನಲ್ಲಿ ಒಂದು ಸಣ್ಣ ಗುಂಪು, ಅದರ ಬಡಗಲಿಗೆ ಒಂದು ಕಟ್ಟೆ. ಈಶಾನ್ಯದ ಮೂಲೆಯಲ್ಲಿ ದೊಡ್ಡ ಗುಂಪು, ಅದರ ಮೂಡಲಿಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಕೆರೆ, ಬಿಲ್ಲಿನಂತೆ ಬಾಗಿದ ಏರಿ. ಚೀಟಿಯ ಮಾತಿಗೆ ಎರಡನೆಯದು ಸರಿಹೊಂದಿತು. ಸರ್ವೆ ಆಫ್ ಇಂಡಿಯಾದ 57 ಡಿ/14 ಹಾಳೆಯಲ್ಲಿ ಹುಡುಕಿದೆ. ಆ ಹಾಳೆ 12 ಡಿಗ್ರಿ 30 ಮಿನಿಟಿನಿಂದ 45ರವರೆಗೆ, 76 ಡಿಗ್ರಿ 45 ಮಿನಿಟಿನಿಂದ 77 ಡಿಗ್ರಿಯವರೆಗೆ, ಮಂಡ್ಯ ಪಟ್ಟಣವೂ ಅದರಲ್ಲೇ ಬರುತ್ತದೆ. ಹೆಸರಿನ ಅಕ್ಷರಗಳು ಎರಡು ಗುಂಪುಗಳ ನಡುವಿನ ಖಾಲಿ ಜಾಗದಲ್ಲಿ ಅಚ್ಚಾಗಿದ್ದವು. ನಕಾಶೆ ಬರೆಯುವವರು ಹೆಸರನ್ನು ಊರಿನ ಮೇಲೆ ಬರೆಯುವುದಿಲ್ಲ, ಪಕ್ಕದಲ್ಲಿ ಜಾಗ ಸಿಕ್ಕ ಕಡೆ ಬರೆಯುತ್ತಾರೆ. ಅದನ್ನು ಓದಿ ಅಂಕಿ ಬರೆಯುವವರು ಮನೆಗಳ ಚುಕ್ಕೆಗಳ ಬದಲು ಅಕ್ಷರಗಳ ಜಾಗವನ್ನು ಹಿಡಿದರೆ ತಪ್ಪು ಇನ್ನಷ್ಟು ಬೆಳೆಯುತ್ತದೆ.

ದೊಡ್ಡ ಗುಂಪಿನ ನಡುವನ್ನು 12.6228, 76.7899 ಎಂದು ಗುರುತಿಸಿದೆ. ಪೂರ್ಣ ಮಿನಿಟಿಗೆ ಸರಿಸಿ ನೋಡಿದರೆ 12 ಡಿಗ್ರಿ 37, 76 ಡಿಗ್ರಿ 47 ಬರುತ್ತದೆ. ಅಂದರೆ ಕೋಶದ ಅಂಕಿ ಎಲ್ಲಿಂದ ಹುಟ್ಟಿತು ಎಂಬುದೂ ಲೆಕ್ಕಕ್ಕೆ ಸಿಕ್ಕಿತು. ಎರಡರ ನಡುವಿನ ದೂರ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

ಇನ್ನು ಆ ಪಡುವಲ ಗುಂಪು ಯಾವುದು? ಅದು ಕೊಪ್ಪಲು. ಮಂಡ್ಯ, ಮೈಸೂರು ಕಡೆ ದೊಡ್ಡ ಊರಿನಿಂದ ಒಡೆದು ಹೊಲದ ಹತ್ತಿರ ಕಟ್ಟಿಕೊಂಡ ವಸತಿಗೆ ಕೊಪ್ಪಲು ಎನ್ನುತ್ತಾರೆ. ಅಲ್ಲಿ ಜನರಿರುತ್ತಾರೆ, ಗುಡಿ ಇರುತ್ತದೆ, ಶಾಲೆ ಇರುತ್ತದೆ, ಆದರೆ ಎಷ್ಟೋ ಕೊಪ್ಪಲುಗಳಿಗೆ ಕಂದಾಯ ಗ್ರಾಮದ ಪಟ್ಟ ಇರುವುದಿಲ್ಲ. ಅವುಗಳ ಜಮೀನು, ಜನಸಂಖ್ಯೆ ಎಲ್ಲವೂ ಮೂಲ ಗ್ರಾಮದ ಲೆಕ್ಕದಲ್ಲೇ ಸೇರಿರುತ್ತದೆ. ಹಾಗಾಗಿ ಕೊಪ್ಪಲಿನ ಹೆಸರನ್ನು ಜನಗಣತಿಯ ಗ್ರಾಮಪಟ್ಟಿಯಲ್ಲಿ ಹುಡುಕಿ ಇಲ್ಲ ಎಂದ ಮಾತ್ರಕ್ಕೆ ಊರೇ ಇಲ್ಲ ಎನ್ನಬಾರದು.

ಏರಿ ಯಾರದು

ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಕೊನೆಯ ಪರೀಕ್ಷೆಗೆ ದಿಶಾಂಕ್ ಆ್ಯಪ್ ತೆರೆದೆ. ರಾಜ್ಯದ ದೂರಸಂವೇದಿ ಕೇಂದ್ರ ಮಾಡಿರುವ ಆ್ಯಪ್ ಅದು. ನಕಾಶೆಯ ಮೇಲೆ ಒಂದು ಜಾಗ ಮುಟ್ಟಿದರೆ ಅದು ಯಾವ ಗ್ರಾಮದ ಯಾವ ಸರ್ವೆ ನಂಬರು ಎಂದು ಹೇಳುತ್ತದೆ. ಊರಿನ ನಡುವೆ ಮುಟ್ಟಿದೆ: ಮಂಡ್ಯ ತಾಲ್ಲೂಕು, ದುದ್ದ ಹೋಬಳಿ, ಹೊಸಹಳ್ಳಿ. ಸರಿ. ಏರಿಯ ಮೇಲೆ ಮುಟ್ಟಿದೆ. ತಾಲ್ಲೂಕು, ಹೋಬಳಿ ಅವೇ, ಆದರೆ ಗ್ರಾಮ ಬೇರೆ. ಯಾವ ನಕಾಶೆಯಲ್ಲೂ ಕಾಣದ ಹೆಸರು.

ಹಳೆಯ ಗ್ರಾಮ ನಕಾಶೆಗಳನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿ ಮಾಡಿದ್ದರಿಂದ ಗಡಿಗೆರೆ ಅಲ್ಲಲ್ಲಿ ಸರಿದಿರಬಹುದು. ಗೆರೆಯ ಅಂಚಿನಲ್ಲಿ ಮುಟ್ಟಿ ಬಂದ ಉತ್ತರವನ್ನು ನಂಬಬಾರದು. ಆದ್ದರಿಂದ ಏರಿಯ ಆ ತುದಿ, ಈ ತುದಿ, ಕೆರೆಯ ಅಂಗಳ ಹೀಗೆ ನಾಲ್ಕಾರು ಕಡೆ ಮುಟ್ಟಿದೆ. ಎಲ್ಲ ಕಡೆಯೂ ಅದೇ ಹೆಸರು.

ಮುಂದಿನ ಭಾನುವಾರ ಮೈಸೂರಿನಿಂದ ಹೊರಟು ದುದ್ದದ ಕಡೆ ಹೋದೆ. ಊರ ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು “ಯಜಮಾನ್ರೆ, ಈ ಕೆರೆ ಯಾವೂರ್ದು?” ಎಂದು ಕೇಳಿದೆ.

“ನಮ್ದೇ ಸಾ. ಹೊಸಳ್ಳಿ ಕೆರೆ ಅಂತ್ಲೇ ಅನ್ನದು.”

“ಪಹಣೀಲಿ ಬೇರೆ ಹೆಸರಿದೆಯಲ್ಲ?”

ಅವರು ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: “ಓ, ಅದಾ? ಅದು ಬೇಚರಾಕು. ನಮ್ ತಾತನ ಕಾಲಕ್ಕೂ ಅಲ್ಲಿ ಯಾರೂ ಇರ್ನಿಲ್ಲ. ಊರು ಹಾಳಾಗೋಯ್ತು, ಹೆಸ್ರು ಕಾಗದದಲ್ಲಿ ಉಳ್ಕಂಡದೆ. ಹಳೇ ಊರ್ ಬೋರೆ ಅಂತೀವಿ ನಾವು.”

ಬೇಚರಾಕ್ ಗ್ರಾಮ ಎಂದರೆ ಜನವಸತಿ ಇಲ್ಲದ ಕಂದಾಯ ಗ್ರಾಮ. ಜಮೀನಿದೆ, ಸರ್ವೆ ನಂಬರುಗಳಿವೆ, ಗಡಿ ಇದೆ, ಜನರಿಲ್ಲ. ಜನಗಣತಿಯೂ ಇವುಗಳಿಗೆ ಸಂಖ್ಯೆ ಕೊಟ್ಟು ಜನಸಂಖ್ಯೆಯ ಕಡೆ ಸೊನ್ನೆ ಬಿಡುತ್ತದೆ. ಮನೆಗಳ ಗುಂಪನ್ನು ನೋಡಿ ಹೆಸರು ಬರೆಯುವ ನಕಾಶೆಗಳಿಗೂ, ಅವುಗಳಿಂದ ಹುಟ್ಟಿದ ಕೋಶಗಳಿಗೂ ಇಂಥ ಊರು ಸಿಗುವುದೇ ಇಲ್ಲ. ಕೊಪ್ಪಲಿಗೆ ಜನರಿದ್ದಾರೆ, ಪಟ್ಟಿಯಲ್ಲಿ ಹೆಸರಿಲ್ಲ. ಬೇಚರಾಕಿಗೆ ಪಟ್ಟಿಯಲ್ಲಿ ಹೆಸರಿದೆ, ಜನರಿಲ್ಲ.

ವೀರಗಲ್ಲಿನ ಮಟ್ಟಿಗೆ ಇದು ಬರೀ ಕಾಗದದ ವಿಷಯವಾಗಿ ಕಾಣಲಿಲ್ಲ. ಆ ಕಲ್ಲನ್ನು ನಿಲ್ಲಿಸಿದವರು ಹೊಸಹಳ್ಳಿಯವರೇ ಆಗಿರಬೇಕೆಂದಿಲ್ಲ, ಆ ಹಾಳಾದ ಊರಿನವರೂ ಆಗಿರಬಹುದು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಸವೆದಿರುವ ಅಕ್ಷರಗಳನ್ನು ಓದುವವರಿಗೆ ಆ ಹೆಸರು ಗೊತ್ತಿರಬೇಕು. ನಾನು ಹೊಸಹಳ್ಳಿ ಎಂದಷ್ಟೇ ಬರೆದು ಮುಚ್ಚಿಟ್ಟಿದ್ದರೆ ಅವರಿಗೆ ಆ ಹೆಸರು ತಲುಪುತ್ತಲೇ ಇರಲಿಲ್ಲ.

ಕಲ್ಲು ಏರಿಯ ತೆಂಕಣ ತುದಿಯಲ್ಲಿ, ಹುಣಸೆ ಮರದ ಬುಡದಲ್ಲಿ ನಿಂತಿದೆ. ಮೇಲಿನ ಪಟ್ಟಿಕೆ ಮುರಿದಿದೆ, ಅದು ಬಿಟ್ಟರೆ ಫೋಟೊದಲ್ಲಿದ್ದಂತೆಯೇ ಇದೆ. ಫೋನಿನಲ್ಲಿ ಐದು ನಿಮಿಷ ನಿಂತು ಅಂಕಿ ತೆಗೆದುಕೊಂಡೆ. ಕೋಶದ ಬಿಂದುವಿನಿಂದ ಅಲ್ಲಿಗೆ 1.4 ಕಿಲೋಮೀಟರ್. ಊರಿನ ನಡು ನನ್ನ ಚೌಕದೊಳಗೆ ಬಂದಿದ್ದರೂ ಕಲ್ಲು ಮಾತ್ರ ಅದರ ಮೂಡಲ ಅಂಚಿನಿಂದ ಹೊರಗಿತ್ತು. ಚೌಕ ಊರಿಗೆ ಹಾಕಿದ್ದು, ಕಲ್ಲಿಗಲ್ಲ ಎಂಬುದನ್ನು ಅಲ್ಲಿ ನಿಂತಾಗ ಚೆನ್ನಾಗಿ ಅರ್ಥ ಮಾಡಿಕೊಂಡೆ.

ದಾಖಲೆಗೆ ಏರಿದ್ದು

ಕೊನೆಗೆ ನಮ್ಮ ಪಟ್ಟಿಯಲ್ಲಿ ಈ ಕಲ್ಲಿಗೆ ಮೂರು ಊರುಗಳಿವೆ. “ಚೀಟಿಯಲ್ಲಿ ಇರುವಂತೆ” ಎಂಬ ಅಂಕಣದಲ್ಲಿ ಹೊಸಹಳ್ಳಿ, ಮಂಡ್ಯ ತಾಲ್ಲೂಕು, ಮೈಸೂರು ಡಿಸ್ಟ್ರಿಕ್ಟ್, ಒಂದಕ್ಷರವನ್ನೂ ತಿದ್ದದೆ. “ಹತ್ತಿರದ ವಸತಿ” ಎಂಬಲ್ಲಿ ಇಂದಿನ ಹೊಸಹಳ್ಳಿ, ಅದರ ಹೋಬಳಿ, ಪಂಚಾಯಿತಿ, ಜನಗಣತಿ ಸಂಖ್ಯೆ. “ಕಂದಾಯ ಗ್ರಾಮ” ಎಂಬಲ್ಲಿ ಬೇಚರಾಕ್ ಊರಿನ ಹೆಸರು, ಸರ್ವೆ ನಂಬರು. ಅಕ್ಷಾಂಶ ರೇಖಾಂಶದ ಪಕ್ಕದಲ್ಲಿ ಅದು ಹೇಗೆ ಬಂತು ಎಂದು ಬರೆಯುವ ಜಾಗವೊಂದನ್ನು ಈ ಪ್ರಕರಣದ ನಂತರ ಸೇರಿಸಿದೆವು: ಸ್ಥಳದಲ್ಲಿ ಅಳೆದದ್ದೋ, ಉಪಗ್ರಹ ಚಿತ್ರದಲ್ಲಿ ಗುರುತಿಸಿದ್ದೋ, ಕೋಶದಿಂದ ತಂದದ್ದೋ. ಕೋಶದಿಂದ ತಂದು ಪೂರ್ಣ ಮಿನಿಟಿಗೆ ಬಂದಿದ್ದರೆ ಪಕ್ಕದಲ್ಲಿ “ಸುತ್ತ 1.3 ಕಿ.ಮೀ.” ಎಂದು ಬರೆಯುತ್ತೇವೆ. ದಶಮಾಂಶದಲ್ಲಿ ನಾಲ್ಕು ಅಂಕಿಗಿಂತ ಹೆಚ್ಚು ಇಡುವುದಿಲ್ಲ. ನಾಲ್ಕನೆಯ ಅಂಕಿಯೇ ಸುಮಾರು 11 ಮೀಟರ್, ಫೋನಿನಲ್ಲಿ ಅಳೆದದ್ದಕ್ಕೆ ಅಷ್ಟು ಸಾಕು.

ಈ ನಿಯಮ ಹಿಡಿದು ಹಿಂದೆ ಮುಗಿಸಿದ್ದ ಚೀಟಿಗಳನ್ನೆಲ್ಲ ಮತ್ತೆ ತೆರೆದೆ. ದಶಮಾಂಶವನ್ನು 60ರಿಂದ ಗುಣಿಸಿದಾಗ ಪೂರ್ಣ ಸಂಖ್ಯೆ ಬಂದವು ಎಷ್ಟೋ ಇದ್ದವು. ಅವೆಲ್ಲ ನಾನೇ ಸರಿ ಎಂದು ಗುರುತು ಹಾಕಿದ್ದವು.

ಜಿಯೋನೇಮ್ಸ್‌ನಲ್ಲಿ ಖಾತೆ ಇದ್ದವರು ಸಾಲನ್ನು ತಿದ್ದಬಹುದು, ವಿಕಿಡೇಟಾದಲ್ಲೂ ಆಕರ ಕೊಟ್ಟು ಹೊಸ ಅಂಕಿ ಸೇರಿಸಬಹುದು. ಎರಡೂ ಕಡೆ ಊರಿನ ನಡುವಿನ ಅಂಕಿಯನ್ನು ಹಾಕಿದೆ, ತಾಲ್ಲೂಕನ್ನು ಮಂಡ್ಯಕ್ಕೆ ಬದಲಿಸಿದೆ, ಕನ್ನಡ ಲಿಪಿಯಲ್ಲಿ ಹೆಸರನ್ನೂ ಸೇರಿಸಿದೆ. ಏರಿಯ ಮೇಲಿನ ಕಲ್ಲಿನ ಅಂಕಿಯನ್ನು ಎಲ್ಲೂ ಹಾಕಲಿಲ್ಲ. ಅದು ಸಂಗ್ರಹದ ಒಳಪಟ್ಟಿಯಲ್ಲಿದೆ, ಮತ್ತು ಕಟ್ಟೆಯ ಮೇಲೆ ಕೂತಿದ್ದ ಆ ಹಿರಿಯರಿಗೆ ಗೊತ್ತಿದೆ.